ಮೊದಲ ಬಿಳಿ ಕೂದಲಿಗೆ ಒಂದು ಸಾಲು: ನಲವತ್ತರ ಹೊಸ್ತಿಲಲ್ಲಿ ನಗಿಸುವ ಕ್ಯಾಪ್ಷನ್ ಬರೆಯುವ ಸಮಗ್ರ ಮಾರ್ಗದರ್ಶಿ

ಮೊದಲ ಬಿಳಿ ಕೂದಲಿನ ಫೋಟೊ ಹಾಕುವವರು ಬಹಳ ಜನ. ಅದರ ಕೆಳಗೆ ಬರೆಯುವ ಸಾಲು ಮಾತ್ರ ಹೆಚ್ಚುಕಡಿಮೆ ಒಂದೇ. 'ವಯಸ್ಸು ಬರೀ ಒಂದು ಸಂಖ್ಯೆ', 'ಇದು ಕೂದಲಲ್ಲ, ಅನುಭವದ ಬೆಳ್ಳಿ ಎಳೆ', 'ಸಾಲ್ಟ್ ಅಂಡ್ ಪೆಪ್ಪರ್ ಶುರು'. ಈ ಸಾಲುಗಳಲ್ಲಿ ತಪ್ಪೇನೂ ಇಲ್ಲ, ಆದರೆ ಬರೆದವರು ಯಾರು ಅಂತ ಅವುಗಳಿಂದ ತಿಳಿಯುವುದಿಲ್ಲ. ಯಾರ ತಲೆಗೆ ಬೇಕಾದರೂ ಅಂಟಿಸಬಹುದಾದ ಸಾಲು ಓದಿ ಜನ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ, ನಗುವುದಿಲ್ಲ.

ನಗು ಹುಟ್ಟುವುದು ನಿಮ್ಮ ಆ ಒಂದು ಕೂದಲಿನ ವಿವರದಿಂದ. ಅದು ಎಲ್ಲಿತ್ತು, ಎಷ್ಟು ಉದ್ದ ಇತ್ತು, ಎಷ್ಟು ದಿನದಿಂದ ಇತ್ತು, ಯಾರ ಕಣ್ಣಿಗೆ ಬಿತ್ತು ಅನ್ನುವುದರಿಂದ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ನಕಲು ಮಾಡಿಕೊಳ್ಳಲು ನೂರು ಸಾಲುಗಳ ಪಟ್ಟಿ ಕೊಟ್ಟಿಲ್ಲ. ನನ್ನ ಗೆಳತಿಯೊಬ್ಬಳು ನಲವತ್ತು ತುಂಬುವುದಕ್ಕೆ ಸ್ವಲ್ಪ ಮುಂಚೆ ತನ್ನ ಮೊದಲ ಬಿಳಿ ಕೂದಲಿಗೆ ಸಾಲು ಬರೆದದ್ದು ಹೇಗೆ ಅನ್ನುವುದನ್ನು ಮೊದಲ ಕರಡಿನಿಂದ ಕೊನೆಯವರೆಗೆ ತೋರಿಸುತ್ತೇನೆ. ಆ ದಾರಿಯಲ್ಲಿ ನಡೆದರೆ ನಿಮ್ಮ ಸಾಲು ನಿಮಗೇ ಸಿಗುತ್ತದೆ.

ಹಂತ 1: ಬರೆಯುವ ಮೊದಲು ಕೂದಲನ್ನು ನೋಡಿ

ಬಿಳಿ ಕೂದಲು ಕಂಡ ತಕ್ಷಣ ಕೈ ಕೀಳುವುದಕ್ಕೆ ಹೋಗುತ್ತದೆ. ಕೀಳಬೇಡಿ. 'ಒಂದು ಕಿತ್ತರೆ ಹತ್ತು ಹುಟ್ಟುತ್ತದೆ' ಅನ್ನುವ ಮಾತು ನಿಜವಲ್ಲ. ಪಕ್ಕದ ಕೂದಲಿಗೆ ಪಕ್ಕದ್ದೇ ಬುಡ, ಇದನ್ನು ಕಿತ್ತದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಕಿತ್ತ ಜಾಗದಲ್ಲಿ ಮತ್ತೆ ಬರುವುದೂ ಸಾಮಾನ್ಯವಾಗಿ ಬಿಳಿಯೇ, ಪದೇ ಪದೇ ಕಿತ್ತರೆ ಬುಡಕ್ಕೆ ಪೆಟ್ಟಾಗಿ ಅಲ್ಲಿ ಕೂದಲೇ ಬರದೆ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಕಿತ್ತರೆ ನಿಮ್ಮ ಸಾಲಿಗೆ ಬೇಕಾದ ವಿವರವೆಲ್ಲ ಅದರ ಜೊತೆಗೇ ಹೋಗುತ್ತದೆ.

ಕನ್ನಡಿಯ ಮುಂದೆ, ಕಿಟಕಿಯ ಬೆಳಕಿನಲ್ಲಿ ನಿಂತು ಅದನ್ನು ಬೇರೆ ಮಾಡಿ ಹಿಡಿದುಕೊಳ್ಳಿ. ಬುಡ ನೋಡಿ, ಆಮೇಲೆ ತುದಿ ನೋಡಿ. ತುದಿ ಮಾತ್ರ ಕಂದಿ ಬುಡ ಕಪ್ಪಾಗಿದ್ದರೆ ಅದು ಬಿಸಿಲಿಗೋ ಹಿಂದೆ ಹಚ್ಚಿದ ಬಣ್ಣಕ್ಕೋ ಮಾಸಿದ ಕೂದಲು, ನೆರೆತದ್ದಲ್ಲ. ನೆರೆಯುವುದು ಬುಡದಿಂದ. ಕೂದಲಿಗೆ ಬಣ್ಣ ಕೊಡುವುದು ಮೆಲನಿನ್. ಚರ್ಮದೊಳಗೆ ಕೂದಲಿನ ಬುಡದಲ್ಲಿರುವ ಜೀವಕೋಶಗಳು ಅದನ್ನು ತಯಾರಿಸಿ ಬೆಳೆಯುತ್ತಿರುವ ಎಳೆಗೆ ತುಂಬುತ್ತವೆ. ಆ ಕೋಶಗಳು ಕೆಲಸ ನಿಲ್ಲಿಸಿದ ದಿನದಿಂದ ಹೊರಬರುವ ಎಳೆ ಬಿಳಿ. ಅಷ್ಟರಲ್ಲಾಗಲೇ ಹೊರಗೆ ಬಂದಿರುವ ಭಾಗ ಕಪ್ಪಾಗಿಯೇ ಉಳಿಯುತ್ತದೆ, ಯಾಕೆಂದರೆ ಚರ್ಮದಿಂದ ಹೊರಗಿರುವ ಕೂದಲು ಜೀವವಿಲ್ಲದ್ದು.

ಹೀಗಾಗಿ ಕೆಲವರಿಗೆ ಸಿಗುವ ಮೊದಲ ಬಿಳಿ ಕೂದಲು ಪೂರ್ತಿ ಬಿಳಿಯಾಗಿರುವುದಿಲ್ಲ. ಬುಡದ ಕಡೆ ಬಿಳಿ, ತುದಿಯ ಕಡೆ ಕಪ್ಪು. ಇಂಥದ್ದು ನಿಮ್ಮ ಕೈಗೆ ಸಿಕ್ಕಿದ್ದರೆ ಸ್ಕೇಲ್ ತಂದು ಬಿಳಿಯ ಭಾಗ ಅಳೆಯಿರಿ. ತಲೆಗೂದಲು ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಿಳಿಯ ಭಾಗ ಎಷ್ಟು ಸೆಂಟಿಮೀಟರೋ ಸುಮಾರು ಅಷ್ಟು ತಿಂಗಳ ಹಿಂದೆ ಅದು ನೆರೆಯಲು ಶುರುವಾಯಿತು ಅಂತ ಲೆಕ್ಕ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ತರ್ಕದಿಂದ ಒಂದೊಂದು ಎಳೆಯ ಬಣ್ಣವನ್ನೂ ಉದ್ದಕ್ಕೂ ಓದಿ, ಯಾವ ಭಾಗ ಯಾವ ಕಾಲದ್ದು ಅಂತ ಗುರುತಿಸಿದರು.

ಗೆಳತಿಯ ಕೂದಲು ಅಂಥದ್ದೇ. ಬೈತಲೆಯ ಎಡಕ್ಕೆ, ಕಿವಿಯಿಂದ ನಾಲ್ಕು ಬೆರಳು ಮೇಲೆ. ಒಟ್ಟು ಹದಿನಾಲ್ಕು ಸೆಂಟಿಮೀಟರ್ ಉದ್ದ, ಬುಡದಿಂದ ಐದು ಸೆಂಟಿಮೀಟರ್ ಬಿಳಿ, ಉಳಿದದ್ದು ಕಪ್ಪು. ಅಂದರೆ ಆ ಕೂದಲು ಐದು ತಿಂಗಳಿಂದ ಸುಮ್ಮನೆ ಬೆಳ್ಳಗೆ ಬೆಳೆಯುತ್ತಿತ್ತು. ಈ 'ಐದು ತಿಂಗಳು' ನೆನಪಿಟ್ಟುಕೊಳ್ಳಿ, ಅವಳ ಸಾಲು ಹುಟ್ಟಿದ್ದು ಇಲ್ಲೇ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಲವತ್ತರ ಸುಮಾರಿಗೆ ನೆರೆಯುವುದು ಸಹಜ, ಬಹುಪಾಲು ಮನೆತನದಿಂದ ಬಂದದ್ದು. ಆದರೆ ಇಪ್ಪತ್ತರ ಆಸುಪಾಸಿನಲ್ಲೇ ವೇಗವಾಗಿ ನೆರೆಯುತ್ತಿದ್ದರೆ ಕೆಲವೊಮ್ಮೆ ಬಿ12 ಕೊರತೆ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ಆಗ ಕ್ಯಾಪ್ಷನ್ ಆಮೇಲೆ ಬರೆಯಿರಿ, ಮೊದಲು ವೈದ್ಯರಿಗೆ ತೋರಿಸಿ.

ಹಂತ 2: ನಗಿಸಲು ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ

ಫೋನಿನ ನೋಟ್ಸ್‌ನಲ್ಲೋ ಕಾಗದದಲ್ಲೋ ನಾಲ್ಕೈದು ಒಣ ವಾಕ್ಯ ಬರೆದುಕೊಳ್ಳಿ. ಗೆಳತಿ ಬರೆದದ್ದು ಇದು:

> ಎಡಗಡೆ ಒಂದು ಬಿಳಿ ಕೂದಲು. ಅರ್ಧ ಬಿಳಿ, ಅರ್ಧ ಕಪ್ಪು. ಐದು ತಿಂಗಳಿಂದ ಇದೆ. ದಿನಾ ಎರಡು ಸಲ ತಲೆ ಬಾಚಿದ್ದೇನೆ, ಕಂಡಿಲ್ಲ. ಮನೆಯವರೂ ನೋಡಿಲ್ಲ.

ಈ ಹಂತವನ್ನು ಹಾರಿಸಿದವರೇ 'ಬೆಳ್ಳಿ ಎಳೆ'ಗೆ ಹೋಗಿ ಬೀಳುವುದು. ಕೈಯಲ್ಲಿ ವಿವರ ಇಲ್ಲದಿದ್ದರೆ ಮನಸ್ಸು ಎಲ್ಲೋ ಓದಿದ ಸಾಲನ್ನೇ ಎಳೆದು ತರುತ್ತದೆ. ಮೇಲಿನ ಐದು ವಾಕ್ಯಗಳಲ್ಲಿ ನಗು ಆಗಲೇ ಅಡಗಿದೆ. ತನ್ನ ತಲೆಯ ಮೇಲೆ ಐದು ತಿಂಗಳು ಇದ್ದದ್ದು ತನಗೇ ಗೊತ್ತಿಲ್ಲ, ದಿನಾ ಕನ್ನಡಿ ನೋಡುವವಳಿಗೂ ಗೊತ್ತಿಲ್ಲ. ಯಾವ ವಾಕ್ಯ ಓದುವಾಗ ನಿಮಗೇ 'ಅಯ್ಯೋ, ಹೌದಲ್ಲ' ಅನ್ನಿಸುತ್ತದೋ ಅದಕ್ಕೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಒಂದೇ ಇರುತ್ತದೆ, ಒಂದೇ ಸಾಕು.

ಹಂತ 3: ಹಾಸ್ಯ ಯಾರ ಮೇಲೆ ಬೀಳುತ್ತಿದೆ ಅಂತ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಗೆಳತಿಯ ಮೊಟ್ಟಮೊದಲ ಸಾಲು ಹೀಗಿತ್ತು:

> ಅಯ್ಯೋ, ನಾನು ಮುದುಕಿ ಆಗ್ಬಿಟ್ಟೆ!

ಇದನ್ನು ಹಾಕಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. 'ಏನೇ, ನೀನಿನ್ನೂ ಕಾಲೇಜು ಹುಡುಗಿ ಥರ ಇದೀಯ' ಅಂತ ಕಾಮೆಂಟುಗಳು ಬರುತ್ತವೆ. ಅಂದರೆ ಸಾಲು ಮೇಲ್ನೋಟಕ್ಕೆ ತಮಾಷೆ, ಒಳಗೆ ಸಮಾಧಾನ ಕೇಳುವ ಕೈ. ಓದುವವರಿಗೆ ಅದು ಗೊತ್ತಾಗುತ್ತದೆ. ಅವರು ನಗುವುದನ್ನು ಬಿಟ್ಟು ಸಮಾಧಾನ ಹೇಳುವ ಕೆಲಸಕ್ಕೆ ಕೂರುತ್ತಾರೆ.

ಇದಕ್ಕೆ ನಾನು ಬಳಸುವ ಪರೀಕ್ಷೆ ಸುಲಭದ್ದು. ನಿಮ್ಮ ಸಾಲಿಗೆ ಯಾರೂ 'ಇಲ್ಲ ಇಲ್ಲ, ಹಾಗೇನಿಲ್ಲ' ಅನ್ನದೆ, 'ಹೌದು, ನಿಜ' ಅಂತ ಮಾತ್ರ ಉತ್ತರ ಕೊಟ್ಟರು ಅಂದುಕೊಳ್ಳಿ. ಆಗಲೂ ಆ ಸಾಲು ನಿಮಗೆ ಇಷ್ಟವಾಗುತ್ತದೆಯೇ? 'ನಾನು ಮುದುಕಿ ಆದೆ' ಅಂದಾಗ 'ಹೌದು' ಅಂದರೆ ಚುಚ್ಚುತ್ತದೆ. 'ಐದು ತಿಂಗಳಿಂದ ಇತ್ತಂತೆ, ನನಗೇ ಗೊತ್ತಿಲ್ಲ' ಅಂದಾಗ 'ಹೌದಾ!' ಅಂದರೆ ಜೊತೆಗೂಡಿ ನಗಬಹುದು. ವಯಸ್ಸನ್ನು ಒಪ್ಪಿಕೊಂಡ ಸಾಲಿಗೂ ಒಪ್ಪಿಕೊಂಡಂತೆ ನಟಿಸುವ ಸಾಲಿಗೂ ಇರುವ ವ್ಯತ್ಯಾಸ ಇಲ್ಲಿ ಸಿಕ್ಕಿಬೀಳುತ್ತದೆ. ಮೊದಲನೆಯದರಲ್ಲಿ ನಗು ಸಂದರ್ಭದ ಮೇಲೆ ಬೀಳುತ್ತದೆ, ಎರಡನೆಯದರಲ್ಲಿ ನಿಮ್ಮ ರೂಪದ ಮೇಲೆ, ನಿಮ್ಮ ಬೆಲೆಯ ಮೇಲೆ.

ಅವಳ ಎರಡನೆಯ ಸಾಲು ಬೇರೆ ಥರದ ತೊಂದರೆ ತಂದಿತು:

> ಮಗನಿಗೆ ಗಣಿತ ಹೇಳಿಕೊಟ್ಟಿದ್ದಕ್ಕೆ ಸಿಕ್ಕ ಪ್ರಶಸ್ತಿ.

ಕೇಳಿದ ತಕ್ಷಣ ನನಗೆ ನಗು ಬಂತು. ಐದು ತಿಂಗಳ ಹಿಂದೆ ಅವಳು ಮಗನನ್ನು ಪಾಠಕ್ಕೆ ಕೂರಿಸಿಕೊಳ್ಳಲು ಶುರು ಮಾಡಿದ್ದೂ ನಿಜ. ಆದರೆ ಮಗನಿಗೆ ಹದಿಮೂರು ವರ್ಷ. ಅವನ ಗೆಳೆಯರ ತಾಯಂದಿರೆಲ್ಲ ಅವಳ ಪಟ್ಟಿಯಲ್ಲಿದ್ದಾರೆ. ಗಣಿತ ಬರುವುದಿಲ್ಲ ಅನ್ನುವುದು ಅವನಿಗೆ ಆಗಲೇ ನಾಚಿಕೆಯ ವಿಷಯ. 'ಅವನಿಗೆ ಮೊದಲು ತೋರಿಸು' ಅಂದೆ. ತೋರಿಸಿದಳು. ಅವನು 'ಹಾಕು' ಅಂದನಂತೆ, ಮುಖ ಮಾತ್ರ ಬೇರೆ ಹೇಳಿತಂತೆ. 'ಬೇಡ ಬಿಡೇ, ಬೇರೆ ಬರೀತೀನಿ' ಅಂದಳು. ಸರಿಯಾದದ್ದನ್ನೇ ಮಾಡಿದಳು ಅನ್ನುವುದು ನನ್ನ ಅಭಿಪ್ರಾಯ. ಗಂಡ, ಹೆಂಡತಿ, ಮಕ್ಕಳು, ಮೇಲಧಿಕಾರಿ, ಇವರ ತಲೆಗೆ ಬಿಳಿ ಕೂದಲು ಕಟ್ಟುವ ಸಾಲುಗಳು ಬೇಗ ಹೊಳೆಯುತ್ತವೆ, ಬೇಗ ನಗಿಸುತ್ತವೆ. ಮನೆಯೊಳಗೆ ಹೇಳಿದರೆ ಚೆಂದವಾಗಿಯೇ ಇರುತ್ತವೆ. ನೂರಾರು ಜನರ ಮುಂದೆ ಬರೆದಾಗ ಅವರಿಗೆ ಉತ್ತರ ಕೊಡುವ ದಾರಿ ಇರುವುದಿಲ್ಲ. ಅವರೇ ಪೂರ್ತಿ ಮನಸ್ಸಿನಿಂದ ನಕ್ಕರೆ ಹಾಕಿ, ತಡವರಿಸಿದರೆ ಬಿಡಿ.

ಮೂರನೆಯವರೂ ಇದ್ದಾರೆ. ನಿಮ್ಮ ಪಟ್ಟಿಯಲ್ಲಿ ಇಪ್ಪತ್ತೈದಕ್ಕೇ ನೆರೆತವರು ಇರುತ್ತಾರೆ, ಚಿಕಿತ್ಸೆಯಿಂದ ಕೂದಲು ಕಳೆದುಕೊಂಡವರು ಇರುತ್ತಾರೆ. 'ಒಂದು ಬಿಳಿ ಕೂದಲು ಬಂತು, ಎಲ್ಲ ಮುಗೀತು' ಅನ್ನುವ ಸಾಲು ಅವರಿಗೆ ಏನು ಹೇಳುತ್ತದೆ ಅಂತ ಒಮ್ಮೆ ಯೋಚಿಸಿ. ಬಿಳಿ ಕೂದಲನ್ನು ಶೋಕವಾಗಿ ಬರೆಯದೆ, ಬಂದ ಅತಿಥಿಯಾಗಿ ಬರೆದರೆ ಯಾರಿಗೂ ತಾಗುವುದಿಲ್ಲ.

ಹಂತ 4: ನುಡಿಗಟ್ಟನ್ನು ಅಕ್ಷರಶಃ ನಿಜ ಮಾಡಿ

ನಮ್ಮ ಮಾತಿನಲ್ಲಿ ತಲೆ, ಕೂದಲು, ಬಣ್ಣ, ಕಣ್ಣು, ಕೈ ಇವುಗಳ ಮೇಲೆ ಹುಟ್ಟಿದ ನುಡಿಗಟ್ಟುಗಳು ಸಾಕಷ್ಟಿವೆ. ದಿನಾ ಆಡಿ ಆಡಿ ಅವುಗಳ ನೇರ ಅರ್ಥ ಮರೆತೇಹೋಗಿದೆ. ಬಿಳಿ ಕೂದಲು ಬಂದಾಗ ಅಂಥ ಒಂದು ಮಾತಿನ ನೇರ ಅರ್ಥವೇ ನಿಜವಾಗಿಬಿಡುತ್ತದೆ. ನಗು ಅಲ್ಲಿ ತಾನಾಗಿ ಬರುತ್ತದೆ, ನೀವು ಉಬ್ಬಿಸುವುದೇ ಬೇಡ.

ಗೆಳತಿಯ ಒಣ ವಾಕ್ಯಗಳಲ್ಲಿ ಗೆರೆ ಬಿದ್ದದ್ದು 'ಐದು ತಿಂಗಳಿಂದ ಇದೆ' ಅನ್ನುವುದಕ್ಕೆ. ಎಲ್ಲಿದೆ? ತಲೆ ಮೇಲೆ. ಹೇಳದೆ ಕೇಳದೆ ಬಂದು ಸಲಿಗೆ ತಗೊಂಡವರನ್ನು ನಾವು ಏನನ್ನುತ್ತೇವೆ? 'ತಲೆ ಮೇಲೆ ಹತ್ತಿ ಕೂತಿದ್ದಾರೆ'. ಅಲ್ಲಿಗೆ ಸಾಲು ಬಂತು:

> ಐದು ತಿಂಗಳಿಂದ ತಲೆ ಮೇಲೆ ಹತ್ತಿ ಕೂತಿದ್ದಾರೆ. ಇವತ್ತು ಪರಿಚಯ ಆಯ್ತು.

ಇಲ್ಲಿ 'ಕೂತಿದೆ' ಅನ್ನದೆ 'ಕೂತಿದ್ದಾರೆ' ಅಂದದ್ದು ಗಮನಿಸಿ. ಒಂದು ಎಳೆ ಕೂದಲಿಗೆ ಬಹುವಚನದ ಮರ್ಯಾದೆ ಕೊಟ್ಟ ಕೂಡಲೇ ಅದು ಮನೆಗೆ ಬಂದ ಹಿರಿಯರ ಹಾಗೆ ಆಗಿಬಿಟ್ಟಿತು. ಇನ್ನು ಅವರನ್ನು ಬೈಯುವ ಹಾಗಿಲ್ಲ, ಓಡಿಸುವ ಹಾಗಿಲ್ಲ, ಪರಿಚಯ ಮಾಡಿಕೊಳ್ಳಬೇಕು ಅಷ್ಟೇ. ವಯಸ್ಸನ್ನು ಒಪ್ಪಿಕೊಂಡದ್ದು ಆ ಒಂದು ಕ್ರಿಯಾಪದದಲ್ಲೇ ಬಂದಿದೆ. 'ನಾನು ಇದನ್ನು ಖುಷಿಯಿಂದ ಸ್ವೀಕರಿಸುತ್ತೇನೆ' ಅಂತ ಬೇರೆ ಬರೆಯುವ ಅಗತ್ಯವೇ ಇಲ್ಲ.

ನಿಮ್ಮ ವಿವರ ಬೇರೆಯಾದರೆ ನುಡಿಗಟ್ಟೂ ಬೇರೆಯಾಗುತ್ತದೆ. ವರ್ಷಗಟ್ಟಲೆ ಬಣ್ಣ ಹಚ್ಚಿ ಈಗ ಬಿಟ್ಟವರಿಗೆ 'ಕೊನೆಗೂ ನನ್ನ ಬಣ್ಣ ಬಯಲಾಯ್ತು' ಅನ್ನುವಷ್ಟು ಹೊಂದುವ ಸಾಲು ಇನ್ನೊಂದಿಲ್ಲ. ಅದೇ ಸಾಲು ಎಂದೂ ಬಣ್ಣ ಹಚ್ಚದವರು ಹಾಕಿದರೆ ಸಪ್ಪೆ, ಯಾಕೆಂದರೆ ಅಲ್ಲಿ ಬಯಲಾಗುವುದಕ್ಕೆ ಏನೂ ಮುಚ್ಚಿರಲಿಲ್ಲ. ಹುಟ್ಟುಹಬ್ಬದ ಹಿಂದಿನ ದಿನ ಕೂದಲು ಕಂಡವರು 'ಕೂದಲೆಳೆಯ ಅಂತರದಲ್ಲಿ ಮೂವತ್ತು ಕೈತಪ್ಪಿತು' ಅನ್ನಬಹುದು. 'ನಲವತ್ತು ವರ್ಷ ಕೂದಲೂ ಕೊಂಕಿರಲಿಲ್ಲ. ಈಗಲೂ ಕೊಂಕಿಲ್ಲ, ಬಣ್ಣ ಬಿಟ್ಟಿದೆ' ಅನ್ನುವುದು ಗುಂಗುರು ಕೂದಲಿನವರಿಗೆ ಒಗ್ಗುವುದಿಲ್ಲ, ನೀಳ ಕೂದಲಿನವರಿಗೆ ಚೆನ್ನಾಗಿ ಒಗ್ಗುತ್ತದೆ. ಗಂಡಸರಲ್ಲಿ ಎಷ್ಟೋ ಜನಕ್ಕೆ ಮೊದಲು ನೆರೆಯುವುದು ಕಿವಿಯ ಪಕ್ಕ ಅಥವಾ ಗಡ್ಡದಲ್ಲಿ. ಅವರು 'ತಲೆ'ಯ ಮಾತು ಬಿಟ್ಟು ಗಡ್ಡದ ಮಾತು ಹುಡುಕಬೇಕು. ವಿವರಕ್ಕೂ ನುಡಿಗಟ್ಟಿಗೂ ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ ಅದು ಬರೀ ಪದದಾಟ, ಓದಿದವರು ಒಂದು ಕ್ಷಣ ತಡೆದು 'ಏನಂದ್ರು?' ಅನ್ನುತ್ತಾರೆ. ಅದೇ ಗುರುತು.

ಹಂತ 5: ನಗುವಿನ ಮಾತನ್ನು ಕೊನೆಗೆ ತಳ್ಳಿ, ಆಮೇಲೆ ನಿಲ್ಲಿಸಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇದು ಹಾಸ್ಯ ಬರೆಯುವವರಿಗೆ ದೊಡ್ಡ ಅನುಕೂಲ, ಓದುವವರು ಕೊನೆಯ ಪದದವರೆಗೂ ಕಾಯಲೇಬೇಕಾಗುತ್ತದೆ. ಗೆಳತಿಯ ಸಾಲನ್ನೇ ತಿರುಗಿಸಿ ನೋಡಿ: 'ಇವತ್ತು ಪರಿಚಯ ಆಯ್ತು, ಐದು ತಿಂಗಳಿಂದ ತಲೆ ಮೇಲೆ ಹತ್ತಿ ಕೂತವರದ್ದು'. ವಿಷಯ ಅದೇ, ಆದರೆ ಗುಟ್ಟು ಮೊದಲೇ ಬಿಟ್ಟುಕೊಟ್ಟಾಯಿತು. 'ಪರಿಚಯ ಆಯ್ತು' ಅನ್ನುವ ಶಾಂತವಾದ ಮಾತು ಕೊನೆಗೆ ಬಂದಾಗಲೇ 'ಹತ್ತಿ ಕೂತಿದ್ದಾರೆ'ಯ ಜೋರು ತಣ್ಣಗಾಗಿ ನಗು ಬರುವುದು.

ಬರೆದಾದ ಮೇಲೆ ಎಲ್ಲರಿಗೂ ಒಂದು ಆಸೆ ಬರುತ್ತದೆ: ಕೊನೆಯಲ್ಲಿ ಒಂದು ವಿವರಣೆ ಸೇರಿಸುವುದು. ಗೆಳತಿಯೂ 'ನಲವತ್ತರ ಸ್ವಾಗತ!' ಅಂತ ಸೇರಿಸಿದ್ದಳು, ಅದರ ಹಿಂದೆ ನಗುವ ಮುಖದ ಮೂರು ಇಮೋಜಿ. ಅವೆಲ್ಲ ಸೇರಿದ ಮೇಲೆ ಸಾಲು ಓದುವವರ ಪಕ್ಕೆ ತಿವಿದು 'ನಗಿ' ಅನ್ನುತ್ತಿರುವಂತೆ ಕಂಡಿತು. ತೆಗೆದ ಮೇಲೆ ಸರಿಯಾಯಿತು.

ಇನ್ನು ಭಾಷೆಯ ಧಾಟಿ. ಫೋನ್ ತೆಗೆದು ಒಬ್ಬ ಆಪ್ತರಿಗೆ ಆ ಸಾಲನ್ನು ವಾಯ್ಸ್ ಮೆಸೇಜ್ ಆಗಿ ಹೇಳಿ. ಬಾಯಿಗೆ ಬಂದದ್ದು 'ಆಯ್ತು' ಆಗಿದ್ದರೆ 'ಆಯಿತು' ಅಂತ ಬರೆಯಬೇಡಿ. ನೀವು 'ಕುಂತಾರ' ಅನ್ನುವ ಕಡೆಯವರಾಗಿದ್ದರೆ ಹಾಗೇ ಬರೆಯಿರಿ. ನಿಮ್ಮ ದನಿ ಗೊತ್ತಿರುವವರಿಗೆ ಅದು ಇನ್ನೂ ಹತ್ತಿರವಾಗುತ್ತದೆ. ಒಂದೇ ಸಾಲಿನಲ್ಲಿ ಪುಸ್ತಕದ ಭಾಷೆಯನ್ನೂ ಆಡುಮಾತನ್ನೂ ಬೆರೆಸಿದಾಗ ಮಾತ್ರ ಎಡವುತ್ತದೆ.

ಹಂತ 6: ಪರದೆಯ ಅಳತೆ, ಫೋಟೊದ ಬೆಳಕು

ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ 2,200 ಅಕ್ಷರದವರೆಗೆ ಇರಬಹುದು, ಆದರೆ ಫೀಡಿನಲ್ಲಿ ಮೊದಲಿಗೆ ಕಾಣುವುದು ಸುಮಾರು 125 ಅಕ್ಷರ ಮಾತ್ರ. ಉಳಿದದ್ದು ನೋಡಬೇಕಾದರೆ ಒತ್ತಬೇಕು. ಕನ್ನಡ ಬರೆಯುವವರು ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ: ಫೋನಿನ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರದ ಒಳಗಿನ ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಅಕ್ಷರ. ನಮ್ಮ ಕಣ್ಣಿಗೆ 'ಹತ್ತಿ' ಎರಡಕ್ಷರ, ಫೋನಿಗೆ ಐದು. ಗೆಳತಿಯ ಸಾಲು ಜಾಗ, ಚುಕ್ಕಿ ಸೇರಿ 59 ಬಂತು, ಆರಾಮವಾಗಿ ಒಳಗೆ ಕೂರುತ್ತದೆ. ನಿಮ್ಮದು ಎರಡು ಸಾಲು ದಾಟಿ ಹೋಗುತ್ತಿದ್ದರೆ ನಗುವಿನ ಮಾತು ಮಡಿಕೆಯ ಒಳಗೆ ಮರೆಯಾಗುವ ಸಂಭವ ಹೆಚ್ಚು.

ಫೋಟೊ ತೆಗೆಯುವಾಗ ಫ್ಲಾಶ್ ಹಾಕಬೇಡಿ. ಫ್ಲಾಶಿಗೆ ಕಪ್ಪು ಕೂದಲೂ ಹೊಳೆದು ಬೆಳ್ಳಗೆ ಕಾಣುತ್ತದೆ, ನಿಮ್ಮ ಅತಿಥಿ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಹಗಲಿನಲ್ಲಿ ಕಿಟಕಿಗೆ ಪಕ್ಕ ಮಾಡಿ ನಿಂತು, ಆ ಎಳೆಯನ್ನು ಮಾತ್ರ ಮುಂದಕ್ಕೆ ಎಳೆದು, ಹಿಂದೆ ಕಪ್ಪು ಕೂದಲೋ ಗಾಢ ಬಣ್ಣದ ಬಟ್ಟೆಯೋ ಬರುವಂತೆ ನೋಡಿ. ಕ್ಯಾಮೆರಾ ತಾನಾಗಿ ಮುಖವನ್ನು ಹುಡುಕುತ್ತದೆ. ಪರದೆಯ ಮೇಲೆ ಕೂದಲಿರುವ ಜಾಗವನ್ನು ಬೆರಳಿನಿಂದ ಒತ್ತಿ ಫೋಕಸ್ ಅಲ್ಲಿಗೆ ತನ್ನಿ. ಮುಖ ಸುಂದರವಾಗಿಸುವ ಫಿಲ್ಟರ್ ಆಫ್ ಮಾಡಿಡಿ, ಚರ್ಮ ನಯ ಮಾಡುವ ಭರದಲ್ಲಿ ಅದು ತೆಳು ಎಳೆಗಳನ್ನೂ ಅಳಿಸಿಹಾಕುತ್ತದೆ.

ಫೋಟೊ ಕೂದಲನ್ನು ತೋರಿಸುತ್ತಿದ್ದರೆ ಸಾಲಿನಲ್ಲಿ 'ಬಿಳಿ ಕೂದಲು' ಅನ್ನುವ ಪದ ಬೇಡ. ಗೆಳತಿಯ ಸಾಲಿನಲ್ಲಿ ಆ ಪದವೇ ಇಲ್ಲ ನೋಡಿ. ಯಾರು ಕೂತಿದ್ದಾರೆ ಅಂತ ಓದುವವರು ಫೋಟೊ ನೋಡಿ ತಾವೇ ಕಂಡುಕೊಳ್ಳುತ್ತಾರೆ, ಕಂಡುಕೊಂಡದ್ದಕ್ಕೇ ನಗುತ್ತಾರೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೊ ಇಲ್ಲದೆ ಬರೀ ಅಕ್ಷರದಲ್ಲಿ ಹಾಕುವುದಾದರೆ ಹೆಸರು ಹೇಳಲೇಬೇಕು, ಹೇಳುವುದಾದರೆ ಎಲ್ಲಕ್ಕಿಂತ ಕೊನೆಗೆ:

> ಐದು ತಿಂಗಳಿಂದ ಒಬ್ಬರು ತಲೆ ಮೇಲೆ ಹತ್ತಿ ಕೂತಿದ್ದಾರೆ. ಇವತ್ತು ಪರಿಚಯ ಆಯ್ತು. ಬಿಳಿ ಕೂದಲು.

ನಲವತ್ತಕ್ಕೆ ಬೇರೆಯೇ ಸಾಲು ಬೇಕು

ಕೂದಲು ಒಂದು ವಸ್ತು, ಹಿಡಿದು ತೋರಿಸಬಹುದು. ನಲವತ್ತು ಬರೀ ಅಂಕೆ. ಅಂಕೆಯ ಬಗ್ಗೆ ಬರೆಯಲು ಹೊರಟರೆ 'ನಲವತ್ತು ಹೊಸ ಇಪ್ಪತ್ತು' ಅನ್ನುವಂಥದ್ದೇ ಬರುತ್ತದೆ. ಹಾಗಾಗಿ ಇಲ್ಲಿಯೂ ಒಂದು ವಸ್ತು ಹುಡುಕಬೇಕು: ಆ ದಿನ ನಿಮ್ಮ ದೇಹ ಅಥವಾ ನಿಮ್ಮ ಅಭ್ಯಾಸ ಮಾಡಿದ ಯಾವುದೋ ಸಣ್ಣ ಬದಲಾವಣೆ.

ಅತಿ ಹೆಚ್ಚು ಜನರಿಗೆ ಸಿಗುವುದು ಕಣ್ಣಿನದು. ನಲವತ್ತರ ಸುಮಾರಿಗೆ ಕಣ್ಣೊಳಗಿನ ಮಸೂರ ಗಡಸಾಗುತ್ತಾ ಬರುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಬಾಗುವುದಿಲ್ಲ. ಸಣ್ಣಕ್ಷರ ಓದಲು ಫೋನನ್ನು ದೂರ ದೂರ ಹಿಡಿಯುತ್ತೇವೆ. ಚಾಳೀಸು ಬಂತು ಅನ್ನುವುದು ಇದಕ್ಕೇ. ಗೆಳತಿ ಹುಟ್ಟುಹಬ್ಬದ ದಿನ ಬೆಳಗ್ಗೆ ಶುಭಾಶಯಗಳನ್ನು ಓದುತ್ತಾ ಕೂತಿದ್ದಾಗ ಮಗನೇ ಕೇಳಿದನಂತೆ, 'ಅಮ್ಮಾ, ಫೋನ್ ಯಾಕೆ ಅಷ್ಟು ದೂರ ಹಿಡ್ಕೊಂಡಿದೀಯ?' ಅಂತ. ಅವಳಿಗೆ ವಸ್ತು ಸಿಕ್ಕಿತು. ನಾಲ್ಕನೆಯ ಹಂತದ ದಾರಿಯಲ್ಲೇ ಹೋಗಿ ನುಡಿಗಟ್ಟು ಹುಡುಕಿದಳು. ಹಾರೈಕೆಗಳನ್ನು ಹೇಗೆ ಸ್ವೀಕರಿಸುತ್ತೇವೆ ಅನ್ನುತ್ತೇವೆ? ಕೈ ಚಾಚಿ.

> ನಲವತ್ತು ತುಂಬಿತು. ನಿಮ್ಮ ಹಾರೈಕೆಗಳನ್ನೆಲ್ಲ ಕೈ ಚಾಚಿ ಸ್ವೀಕರಿಸಿದ್ದೇನೆ. ಹತ್ತಿರ ಹಿಡಿದರೆ ಅಕ್ಷರ ಕಾಣುತ್ತಿಲ್ಲ.

ಇಲ್ಲಿ ಮಾತ್ರ ಪುಸ್ತಕದ ಧಾಟಿ ಸರಿಯಾಗಿದೆ. ಮೊದಲೆರಡು ವಾಕ್ಯ ಸಭೆಯಲ್ಲಿ ಧನ್ಯವಾದ ಹೇಳುವ ಗತ್ತಿನಲ್ಲಿ ಹೋಗಬೇಕು, ಮೂರನೆಯದು ಅದನ್ನು ನೆಲಕ್ಕಿಳಿಸಬೇಕು. ಈ ಸಾಲಿಗೆ ಕನ್ನಡಕದ ಫೋಟೊ ಹಾಕಬೇಡಿ, ಗುಟ್ಟು ಮೊದಲೇ ಬಿಟ್ಟುಕೊಡುತ್ತದೆ. ಸಾಮಾನ್ಯ ಹುಟ್ಟುಹಬ್ಬದ ಫೋಟೊವೇ ಸಾಕು.

'ತುಂಬಿತು' ಅನ್ನುವುದನ್ನು ಬೇಕೆಂದೇ ಇಟ್ಟುಕೊಂಡದ್ದು. 'ನಲವತ್ತಕ್ಕೆ ಕಾಲಿಟ್ಟೆ' ಅಂತ ಬರೆದರೆ ಮೂವತ್ತೊಂಬತ್ತು ಮುಗಿದದ್ದೋ ನಲವತ್ತು ಮುಗಿದದ್ದೋ ಅಂತ ಕಾಮೆಂಟಿನಲ್ಲಿ ಲೆಕ್ಕ ಹಾಕುವವರು ಖಂಡಿತ ಬರುತ್ತಾರೆ, ನಿಮ್ಮ ನಗು ಆ ಚರ್ಚೆಯಲ್ಲಿ ಮುಳುಗಿಹೋಗುತ್ತದೆ.

ಹಾಕಿದ ಮೇಲೆ: ಕಾಮೆಂಟುಗಳಿಗೆ ಉತ್ತರ

ಸಾಲಿನ ಅರ್ಧ ಜೀವ ಉತ್ತರಗಳಲ್ಲಿದೆ. ಎಷ್ಟೋ ಜನ ಒಳ್ಳೆಯ ಕ್ಯಾಪ್ಷನ್ ಹಾಕಿ, ಕಾಮೆಂಟಿನಲ್ಲಿ 'ಥ್ಯಾಂಕ್ಯೂ' ಒಂದನ್ನೇ ಹಂಚಿ ಮುಗಿಸುತ್ತಾರೆ. ಸಾಲಿನಲ್ಲಿ ಕಟ್ಟಿದ ಆಟವನ್ನೇ ಉತ್ತರದಲ್ಲೂ ಮುಂದುವರಿಸಿ. ಗೆಳತಿಯ ಚಿಕ್ಕಮ್ಮ 'ಏನಮ್ಮಾ, ಸ್ವಲ್ಪ ಬಣ್ಣ ಹಚ್ಚಬಾರದಾ?' ಅಂತ ಬರೆದರು. ಅವಳು 'ಹಚ್ಚೋಣ ಚಿಕ್ಕಮ್ಮ, ಈಗಷ್ಟೇ ಪರಿಚಯ ಆಗಿದೆ, ಇಷ್ಟು ಬೇಗ ವೇಷ ಹಾಕಿಸೋಕೆ ಸಂಕೋಚ' ಅಂದಳು. ಚಿಕ್ಕಮ್ಮನಿಗೂ ಬೇಸರವಿಲ್ಲ, ಬಣ್ಣದ ಚರ್ಚೆಯೂ ಅಲ್ಲಿಗೇ ನಿಂತಿತು. 'ಕಿತ್ತು ಬಿಸಾಕೇ' ಅಂದ ಗೆಳತಿಗೆ 'ಹಿರಿಯರನ್ನ ಹಾಗೆಲ್ಲ ಎಬ್ಬಿಸಬಾರದು ಕಣೇ' ಅನ್ನುವ ಉತ್ತರ. ಎಲ್ಲವೂ ಆ ಒಂದು 'ಕೂತಿದ್ದಾರೆ'ಯಿಂದಲೇ ಬಂದದ್ದು. ಸಾಲು ಗಟ್ಟಿಯಾಗಿದ್ದರೆ ಉತ್ತರಗಳಿಗೆ ಹೊಸದಾಗಿ ತಡಕಾಡಬೇಕಾಗುವುದಿಲ್ಲ.

ವಯಸ್ಸನ್ನು ಹೀಯಾಳಿಸಿ ಬರೆಯುವವರೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಅಷ್ಟೇ ಖಾರವಾದ ಉತ್ತರ ಹೊಳೆದರೂ ಬರೆಯಬೇಡಿ. ಉತ್ತರ ಕೊಟ್ಟ ಕಾಮೆಂಟಿಗೇ ಎಲ್ಲರ ಕಣ್ಣು ಹೋಗುತ್ತದೆ. ಕಾಮೆಂಟನ್ನು ಅಳಿಸುವುದು ನಿಮ್ಮ ಹಕ್ಕು, ಅಳಿಸಿ.

ಒಂದು ಥರದ ಕಾಮೆಂಟಿಗೆ ಮಾತ್ರ ಆಟ ಮುಂದುವರಿಸಬಾರದು. ಗೆಳತಿಯ ಪೋಸ್ಟಿಗೆ ಅವಳ ಹಳೆಯ ಸಹೋದ್ಯೋಗಿಯೊಬ್ಬರು 'ನನಗೂ ಒಂದು ಬಂದರೆ ಸಾಕಿತ್ತು, ಕಪ್ಪೋ ಬಿಳಿಯೋ' ಅಂತ ಬರೆದರು. ಆರು ತಿಂಗಳ ಚಿಕಿತ್ಸೆ ಮುಗಿಸಿ ತಲೆಯಲ್ಲಿ ಕೂದಲು ಇನ್ನೂ ಬರಬೇಕಾಗಿದ್ದವರು ಅವರು. ಅವರು ತಮಾಷೆಯಾಗಿಯೇ ಬರೆದಿದ್ದರು, ತಮಾಷೆಯ ಉತ್ತರ ಕೊಟ್ಟಿದ್ದರೂ ನಡೆಯುತ್ತಿತ್ತೇನೋ. ಆದರೆ ಎಲ್ಲರೆದುರು ಅವರ ಕಾಯಿಲೆಯ ಮಾತು ಬೆಳೆಸುವುದು ಬೇಡ ಅಂತ ಅವಳು ಅಲ್ಲಿ ಒಂದು ಹೃದಯದ ಗುರುತು ಮಾತ್ರ ಹಾಕಿ, ಆ ಸಂಜೆ ಫೋನ್ ಮಾಡಿದಳು.